ಎರಡನೆಯ ಹಾಳೆ

ಮಂಗಳವಾರ ಮುಂಜಾನೆ ಹತ್ತೂಕಾಲಿಗೆ ಹೊಸ ಮ್ಯಾನೇಜರ್ ವಿದ್ಯಾ ಅವರ ಇಮೇಲ್ ಜಯಶ್ರೀಯ ಕಂಪ್ಯೂಟರಿಗೆ ಬಂತು. ವಿಷಯದ ಸಾಲಿನಲ್ಲಿ ‘ಸೋಮವಾರದಿಂದ ಹಾಜರಿ ಪದ್ಧತಿಯಲ್ಲಿ ಬದಲಾವಣೆ, ಮತ್ತು ನೀವು ಕೇಳಬಹುದಾದ ಪ್ರಶ್ನೆಗಳಿಗೆ ಉತ್ತರ’ ಎಂದಿತ್ತು. ಜಯಶ್ರೀ ಅಷ್ಟು ಓದಿ ಎದ್ದು ನಿಂತಳು. ಎದ್ದದ್ದು ಯಾಕೆಂದು ಅವಳಿಗೇ ತಿಳಿಯಲಿಲ್ಲ. ತಂಬಿಗೆಯ ನೀರು ಕುಡಿದು ಮತ್ತೆ ಕೂತಳು.

ಬಂಕಾಪುರದ ಆಚೆ ಹೆದ್ದಾರಿಗೆ ಹೊಂದಿಕೊಂಡು ಇರುವ ಆ ತರಕಾರಿ ಬೀಜದ ಘಟಕದಲ್ಲಿ ಹನ್ನೊಂದು ವರ್ಷದಿಂದ ಹಾಜರಿ ಪುಸ್ತಕ ಅವಳ ಕೈಯಲ್ಲೇ ಇತ್ತು. ನೀಲಿ ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ. ಮುಂಜಾನೆ ಒಂಬತ್ತಕ್ಕೆ ಅದನ್ನು ಕಿಟಕಿಯ ಕಟ್ಟೆಯ ಮೇಲೆ ತೆರೆದಿಟ್ಟರೆ ಆಫೀಸಿನವರು, ಗೋದಾಮಿನವರು, ಮೊರದಲ್ಲಿ ಕೇರಿ ಬೀಜ ಹಸನು ಮಾಡುವ ಹದಿನಾಲ್ಕು ಮಂದಿ ಹೆಣ್ಣುಮಕ್ಕಳು ಒಬ್ಬರಾದ ಮೇಲೊಬ್ಬರು ಬಂದು ಸಹಿ ಹಾಕುತ್ತಿದ್ದರು. ಸಹಿಯ ಪಕ್ಕದಲ್ಲಿ ಬಂದ ಸಮಯ ಬರೆಯುವುದು ಜಯಶ್ರೀಯ ಕೆಲಸ.

ಆ ಹದಿನಾಲ್ಕು ಹೆಸರುಗಳಲ್ಲಿ ಒಂದರ ಮುಂದೆ ಮೂರು ವರ್ಷದಿಂದ ಅವಳು ಬರೆಯುತ್ತಿದ್ದ ಸಮಯ ಸುಳ್ಳು.

ಅದು ಶಂಕ್ರವ್ವನ ಹೆಸರು. ಅವಳ ಮೊಮ್ಮಗಳು ಐಶ್ವರ್ಯಳಿಗೆ ಹುಟ್ಟಿನಿಂದಲೇ ಕಾಲು ಬಾರದು, ಕೈಯೂ ಅಷ್ಟಕ್ಕಷ್ಟೇ. ಅಂಥ ಮಕ್ಕಳ ಶಾಲೆಯ ಗಾಡಿ ಶಿಗ್ಗಾಂವಿಯಿಂದ ಹೊರಟು ಊರೂರು ಸುತ್ತಿ ಹೆದ್ದಾರಿಯ ಕ್ರಾಸಿಗೆ ಬರುವುದು ಒಂಬತ್ತು ಹತ್ತಕ್ಕೆ. ಮಗುವನ್ನು ಎತ್ತಿ ಗಾಡಿಯೊಳಗೆ ಕೂಡಿಸಿ, ಪಟ್ಟಿ ಬಿಗಿದು, ಗಾಡಿಯವರ ಕೈಗೆ ಒಪ್ಪಿಸಿ ಕಳಿಸುವವರು ಮನೆಯವರೇ ಆಗಬೇಕು. ಸಂಜೆ ಇಳಿಸಿಕೊಳ್ಳಲು ಮಗುವಿನ ತಾಯಿ ಬರುತ್ತಾಳೆ. ಮುಂಜಾನೆ ಅವಳದು ಸವಣೂರಿನಲ್ಲಿ ಆಸ್ಪತ್ರೆ ಕಸಗುಡಿಸುವ ಪಾಳಿ. ಹೀಗಾಗಿ ಶಂಕ್ರವ್ವ ಕ್ರಾಸಿನಿಂದ ಬಿರಬಿರನೆ ನಡೆದು ಘಟಕ ಮುಟ್ಟುವ ಹೊತ್ತಿಗೆ ಒಂಬತ್ತು ಮೂವತ್ತೈದು. ಜಯಶ್ರೀ ಬರೆಯುತ್ತಿದ್ದುದು ‘೯-೦೦’. ಪ್ರತಿಯಾಗಿ ಶಂಕ್ರವ್ವ ಮಧ್ಯಾಹ್ನದ ಒಂದು ತಾಸಿನ ಊಟದ ಬಿಡುವಿನಲ್ಲಿ ಹತ್ತೇ ನಿಮಿಷದಲ್ಲಿ ರೊಟ್ಟಿ ಮುಗಿಸಿ, ಒಬ್ಬಳೇ ಕೆಲಸದ ಹಾಲ್‌ಗೆ ಹೋಗಿ ಮೊರ ಹಿಡಿದು ಬೆಂಡೆ ಬೀಜ ಹಸನು ಮಾಡುತ್ತ ಕೂರುತ್ತಿದ್ದಳು. ಹಾಗೆ ಮಾಡೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹಳೆಯ ಮ್ಯಾನೇಜರರಿಗೆ ಗೊತ್ತಿತ್ತೋ ಇಲ್ಲವೋ, ಅವರು ಆ ಕಿಟಕಿಯ ಕಡೆಗೆ ನೋಡುತ್ತಿರಲಿಲ್ಲ.

ಜಯಶ್ರೀ ಇಮೇಲನ್ನು ಮೊದಲಿನಿಂದ ಓದಿದಳು. ಬರೆದ ರೀತಿ ಚೆನ್ನಾಗಿಯೇ ಇತ್ತು. ವಿದ್ಯಾ ಚಿಕ್ಕೇರೂರಿನ ಹುಡುಗಿ, ಕಂಪನಿಯ ಹುಬ್ಬಳ್ಳಿಯ ಮುಖ್ಯ ಕಚೇರಿಯಲ್ಲಿ ಐದಾರು ವರ್ಷ ದುಡಿದು ಬಂದವಳು. ಎದುರಿಗೆ ಕೂಡಿಸಿಕೊಂಡು ಮಾತಾಡುವ ಹಾಗೆ ಬರೆದಿದ್ದಳು.

‘ಎಲ್ಲರಿಗೂ ನಮಸ್ಕಾರ. ಬರುವ ಸೋಮವಾರದಿಂದ ನಮ್ಮ ಹಾಜರಿಯನ್ನು ಗೇಟಿನ ಬಳಿಯ ಯಂತ್ರ ದಾಖಲಿಸುತ್ತದೆ. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಅದರ ಮುಂದೆ ನಿಂತು ಮುಖ ತೋರಿಸಬೇಕು. ಹೆಬ್ಬೆಟ್ಟಿನ ಯಂತ್ರವನ್ನು ಬೇಡವೆಂದೆ. ಬೀಜ ತಿಕ್ಕಿ ತಿಕ್ಕಿ ನಿಮ್ಮಲ್ಲಿ ಅನೇಕರ ಬೆರಳ ಗೆರೆ ಸವೆದಿರುವುದನ್ನು ಮೊದಲ ದಿನವೇ ಕಂಡೆ. ಶುಕ್ರವಾರ ಎಲ್ಲರ ಮುಖ ನೋಂದಣಿ ಇದೆ. ಮೊದಲ ಒಂದು ತಿಂಗಳು ಯಂತ್ರ ಮತ್ತು ಹಳೆಯ ಪುಸ್ತಕ ಎರಡೂ ಜೊತೆಗೆ ನಡೆಯುತ್ತವೆ. ವಾರಕ್ಕೊಮ್ಮೆ ಎರಡನ್ನೂ ಹೋಲಿಸಿ ತಪ್ಪುಗಳನ್ನು ಸರಿಪಡಿಸುತ್ತೇವೆ. ಈ ತಿಂಗಳು ತಡವಾದರೆ ಯಾರಿಗೂ ಯಾವ ಕಡಿತವೂ ಇಲ್ಲ.’

ಎರಡನ್ನೂ ಹೋಲಿಸಿ. ಜಯಶ್ರೀಯ ಕಣ್ಣು ಅಲ್ಲೇ ನಿಂತಿತು.

ಕೆಳಗೆ ಪ್ರಶ್ನೆಗಳು, ಉತ್ತರಗಳು. ಕರೆಂಟು ಹೋದರೆ? ಬ್ಯಾಟರಿ ಇದೆ, ನಾಲ್ಕು ತಾಸು ನಡೆಯುತ್ತದೆ. ನೆಟ್‌ವರ್ಕ್ ಹೋದರೆ? ಯಂತ್ರ ತನ್ನೊಳಗೇ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ನಮ್ಮ ಫೋಟೋ ಎಲ್ಲೆಲ್ಲೋ ಹೋಗುತ್ತದೆಯೇ? ಇಲ್ಲ, ಹಾಜರಿಗೆ ಬಿಟ್ಟು ಬೇರಾವುದಕ್ಕೂ ಬಳಸುವುದಿಲ್ಲ, ಕೆಲಸ ಬಿಟ್ಟವರದನ್ನು ಅಳಿಸುತ್ತೇವೆ, ನೋಂದಣಿಗೆ ಮೊದಲು ನಿಮ್ಮ ಒಪ್ಪಿಗೆಯ ಸಹಿ ಪಡೆಯುತ್ತೇವೆ. ಬುರ್ಖಾ ಹಾಕುವವರು? ಅವರ ನೋಂದಣಿಯನ್ನು ಹೆಣ್ಣುಮಕ್ಕಳ ಕೋಣೆಯಲ್ಲಿ ನಾನೇ ಮಾಡುತ್ತೇನೆ. ದಿನದ ಹಾಜರಿಗೆ ಯಂತ್ರದ ಸುತ್ತ ಬೇಕಾದವರು ಎಳೆದುಕೊಳ್ಳುವಂಥ ಪರದೆ ಕಟ್ಟಿಸುತ್ತೇನೆ. ಮುಖ ತೋರಿಸಲು ಮರೆತರೆ? ಎರಡು ದಿನದೊಳಗೆ ಹೇಳಿ, ನೋಡಿದವರೊಬ್ಬರು ಹೌದೆಂದರೆ ಸರಿಪಡಿಸುತ್ತೇವೆ. ಎಷ್ಟು ತಡವಾದರೆ ತಡ? ಒಂಬತ್ತು ಹತ್ತರವರೆಗೆ ರಿಯಾಯಿತಿ ಇದೆ. ಈ ಪರೀಕ್ಷೆಯ ತಿಂಗಳು ಮುಗಿದ ಮೇಲೆ ಮೂರು ಸಲ ತಡವಾದರೆ ಅರ್ಧ ದಿನದ ರಜೆ ಹೋಗುತ್ತದೆ.

ಪ್ರಿಂಟ್ ತೆಗೆದಾಗ ಮೊದಲ ಹಾಳೆ ಇಲ್ಲಿಗೆ ಮುಗಿಯಿತು. ಎರಡನೆಯ ಹಾಳೆಯಲ್ಲಿ ಒಂದೇ ಪ್ರಶ್ನೆ, ಕೆಳಗೆ ವಿದ್ಯಾಳ ಹೆಸರು.

‘ಮನೆಯ ಕಾರಣಕ್ಕೆ ದಿನಾಲೂ ಒಂಬತ್ತಕ್ಕೆ ಬರಲು ಆಗದವರು ಏನು ಮಾಡಬೇಕು? ಶುಕ್ರವಾರದೊಳಗೆ ನನಗೆ ಹೇಳಿ. ಒಬ್ಬೊಬ್ಬರಿಗೆ ಬೇರೆ ಬೇರೆ ಸಮಯ ಹೊಂದಿಸಲು ಯಂತ್ರದಲ್ಲಿ ಅವಕಾಶವಿದೆ. ಈಗ ಅದು ಹೇಗೆ ನಡೆದುಕೊಂಡು ಬಂದಿದೆ ಎಂಬುದನ್ನೂ ತಿಳಿಸಿ.’

ಕೊನೆಯ ಸಾಲನ್ನು ಜಯಶ್ರೀ ಮೂರು ಸಲ ಓದಿದಳು. ಹೇಗೆ ನಡೆದುಕೊಂಡು ಬಂದಿದೆ. ಪೆನ್ನಿನಿಂದ ನಡೆದುಕೊಂಡು ಬಂದಿದೆ, ಅವಳದೇ ಪೆನ್ನಿನಿಂದ.

ಹೆಣ್ಣುಮಕ್ಕಳಿಗೆ ಇಮೇಲ್ ಇರಲಿಲ್ಲ. ಬುಧವಾರ ಊಟದ ಹೊತ್ತಿಗೆ ಓದಿ ಹೇಳಿ, ಆಮೇಲೆ ಬೋರ್ಡಿಗೆ ಹಚ್ಚಿರಿ ಎಂದು ವಿದ್ಯಾ ತಿಳಿಸಿದ್ದಳು. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿ ಕೂತವರ ನಡುವೆ ಜಯಶ್ರೀ ನಿಂತು ಓದಿದಳು. ಮುಖ ತೋರಿಸುವ ಮಾತು ಬಂದಾಗ ಗುಂಪಿನ ಹಿರಿಯಳಾದ ಸರೋಜವ್ವ, ನನ್ನ ಮಾರಿ ನೋಡಿ ಯಂತ್ರ ಕೆಟ್ಟರೆ ರೊಕ್ಕ ಯಾರು ಕೊಡುವವರು ಎಂದಳು. ಎಲ್ಲರೂ ನಕ್ಕರು. ಪರದೆಯ ಮಾತಿಗೆ ಮುಮ್ತಾಜಬೇಗಂ ತಲೆ ಎತ್ತಿ, ಕೇಳುವ ಮೊದಲೇ ಯೋಚಿಸಿದ್ದಾರಲ್ಲ ಎಂದು ಮೆಲ್ಲಗೆ ಅಂದಳು. ಶಂಕ್ರವ್ವ ಮಾತ್ರ ರೊಟ್ಟಿ ಮುರಿದು ಹಿಡಿದವಳು ಬಾಯಿಗೆ ಇಡಲೇ ಇಲ್ಲ.

ಮೂರು ಸಲ ತಡವಾದರೆ ಅರ್ಧ ದಿನ ಎಂದು ಓದಿ ಮೊದಲ ಹಾಳೆ ಮುಗಿಯಿತು. ಎರಡನೆಯದು ಅದರ ಹಿಂದೆಯೇ ಇತ್ತು. ಓದಿದರೆ ಹದಿಮೂರು ಮುಖಗಳೂ ಶಂಕ್ರವ್ವನ ಕಡೆ ತಿರುಗುತ್ತವೆ, ಶಂಕ್ರವ್ವ ಈಗಲೇ ಎದ್ದು ಮೇಡಂ ಹತ್ತಿರ ಹೋಗುತ್ತಾಳೆ, ಮೇಡಂ ಪುಸ್ತಕ ತರಿಸುತ್ತಾರೆ.

"ಇಷ್ಟ ಐತಿ ನೋಡ್ರಿ" ಎಂದಳು.

ಮೊದಲ ಹಾಳೆಯನ್ನು ಬೋರ್ಡಿಗೆ ಹಚ್ಚಿದಳು. ಎರಡನೆಯದನ್ನು ನಾಲ್ಕಾಗಿ ಮಡಿಚಿ ಕೈಚೀಲದ ಒಳಜೇಬಿಗೆ ಸೇರಿಸಿದಳು. ತಾನೇ ಮೊದಲು ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿ, ಆಮೇಲೆ ಅದನ್ನು ಹಚ್ಚಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಅಂದು ಸಂಜೆ ಶಂಕ್ರವ್ವ ಕಿಟಕಿಗೆ ಬಂದು ಕಟ್ಟೆಯ ಮೇಲೆ ಕೈಯಿಟ್ಟು ನಿಂತಳು.

"ಅಕ್ಕಾರ, ಆ ಗಾಡಿ ಮ್ಯಾಲಿನವ್ರನ್ನ ಕೇಳಿ ನೋಡಿದೆ. ನನ್ನ ಸಲುವಾಗಿ ಮೊದಲ ಬರಾಕ ಅವ್ರಿಗೆ ಆಗೂದಿಲ್ಲಂತ. ಕೂಸಿನ ಸಾಲಿ ಬಿಡಿಸಬೇಕೋ, ಈ ಕೆಲಸಾ ಬಿಡಬೇಕೋ ತಿಳೀವಲ್ದು. ಆ ಸಾಲಿಗೆ ಹೋದ ಮ್ಯಾಲ ಆಕಿ ತನ್ನ ಕೈಲೇ ಉಣ್ಣಾಕ ಕಲ್ತಾಳ್ರಿ."

"ಗಡಿಬಿಡಿ ಮಾಡಬ್ಯಾಡ ಶಂಕ್ರವ್ವ. ನೋಡೂಣಂತ" ಎಂದಳು ಜಯಶ್ರೀ. ಕೈಚೀಲ ಅವಳ ಮಗ್ಗುಲಲ್ಲೇ ಇತ್ತು.

ಗುರುವಾರ ಅವಳು ಮ್ಯಾನೇಜರರ ಬಾಗಿಲ ತನಕ ಹೋದಳು. ವಿದ್ಯಾ ಫೋನಿನಲ್ಲಿದ್ದಳು, ಬಾಗಿಲ ಸಂದಿಯಿಂದ ನೋಡಿ ಕೂತಿರಿ ಎಂದು ಕೈಸನ್ನೆ ಮಾಡಿದಳು. ಜಯಶ್ರೀ ಕೂರದೆ ಬಂದುಬಿಟ್ಟಳು. ಶುಕ್ರವಾರ ಮತ್ತೆ ಹೋದಾಗ ವಿದ್ಯಾ ತನ್ನ ಚಹವನ್ನೇ ಎರಡು ಕಪ್ಪಿಗೆ ಹಂಚಿ ಒಂದನ್ನು ಅವಳ ಮುಂದೆ ಸರಿಸಿದಳು. ಇಡೀ ಘಟಕದಲ್ಲಿ ನಿಮ್ಮ ಪುಸ್ತಕದಷ್ಟು ಚೊಕ್ಕಟ ಕಾಗದ ಮತ್ತೊಂದು ಇಲ್ಲ, ಒಂದು ತಿದ್ದು ಇಲ್ಲ, ಒಂದು ಗೀಟು ಇಲ್ಲ ಎಂದಳು. ಜಯಶ್ರೀ ಕಪ್ಪನ್ನು ಅಲ್ಲೇ ಬಿಟ್ಟಳು. ನೋಂದಣಿಯ ಪಟ್ಟಿಯ ಬಗ್ಗೆ ಏನೋ ಕೇಳಿ ಎದ್ದು ಬಂದಳು.

ಅಂದು ಮಧ್ಯಾಹ್ನ ಒಬ್ಬೊಬ್ಬರೇ ಯಂತ್ರದ ಮುಂದೆ ನಿಂತು ಮುಖ ಕೊಟ್ಟರು. ಶಂಕ್ರವ್ವನೂ ಕೊಟ್ಟಳು. ಐದೂವರೆಗೆ ಶುಕ್ರವಾರ ಮುಗಿಯಿತು. ಶನಿವಾರ, ರವಿವಾರ ಜಯಶ್ರೀ ಮನೆಯಲ್ಲಿ ಇದ್ದೂ ಇರಲಿಲ್ಲ. ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ಹಾಳೆ ಚೀಲದಲ್ಲಿದೆಯೇ ಎಂದು ನಾಲ್ಕು ಸಲ ತೆಗೆದು ನೋಡಿದಳು. ಊರಿನ ಕೋಟೆಯ ಕಡೆಯಿಂದ ನವಿಲು ಕೂಗಿದಾಗೆಲ್ಲ ಯಾರೋ ತನ್ನನ್ನೇ ಕರೆದ ಹಾಗೆ ಬೆಚ್ಚಿದಳು.

ಸೋಮವಾರ ಎಂಟೂ ಐವತ್ತಕ್ಕೆ ಆಫೀಸಿನವರು ಮುಖ ತೋರಿಸಿ ಒಳಗೆ ಬಂದರು. ಯಂತ್ರ ಪ್ರತಿಯೊಬ್ಬರಿಗೂ ಸಣ್ಣಗೆ ‘ಟಿಂಗ್’ ಎಂದು ಹಸಿರು ದೀಪ ಹಚ್ಚಿತು. ಜಯಶ್ರೀ ಪುಸ್ತಕವನ್ನು ಕಟ್ಟೆಯ ಮೇಲೆ ತೆರೆದಿಟ್ಟು ಕಿಟಕಿಯಿಂದ ನೋಡಿದಳು. ಹಸನು ಮಾಡುವವರು ಬಂದಿದ್ದರು. ಆದರೆ ಒಳಗೆ ಬರಲಿಲ್ಲ. ಗೇಟಿನ ಹೊರಗೆ, ಗೋಡೆಯ ನೆರಳಿಗೆ ಬುತ್ತಿ ಗಂಟು ಕಾಲ ಬಳಿ ಇಟ್ಟುಕೊಂಡು ಸಾಲಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಒಂಬತ್ತಾಯಿತು. ಒಂಬತ್ತು ಹತ್ತಾಯಿತು. ಕಾವಲುಗಾರ ಹಸನಸಾಬ ಎರಡು ಸಲ ಹೋಗಿ ಕರೆದ. ಆಮೇಲೆ ಸುಮ್ಮನಾಗಿ ಅವರಿಗೆ ಕೊಡದಲ್ಲಿ ನೀರು ತಂದಿಟ್ಟ.

ಜಯಶ್ರೀಗೆ ಥಟ್ಟನೆ ತಿಳಿಯಿತು. ಈ ಹೆಣ್ಣುಮಕ್ಕಳೆಲ್ಲ ಮೊದಲು ಕಳೆ ತೆಗೆಯುವ ಗುಂಪಿನವರು. ಹೊಲದಲ್ಲಿ ಅವರದೊಂದು ರೂಢಿ ಇತ್ತು. ಗುಂಪಿನ ಕೊನೆಯವಳು ಬಂದು ಬದುವಿನ ಮೇಲೆ ನಿಲ್ಲುವ ತನಕ ಯಾರೂ ಸಾಲು ಹಿಡಿಯುತ್ತಿರಲಿಲ್ಲ. ಹೊಲದವನು ತಡವಾಯಿತೆಂದು ಬೈದರೆ ಇಡೀ ಗುಂಪನ್ನು ಬೈಯಬೇಕು, ಒಬ್ಬಳನ್ನು ಬೈಯುವಂತಿಲ್ಲ. ಯಂತ್ರವೂ ಹೊಲದವನ ಹಾಗೆಯೇ ಎಂದು ಅವರು ತಿಳಿದಿದ್ದರು. ಹದಿನಾಲ್ಕೂ ಮುಖ ಒಟ್ಟಿಗೆ ತಡವಾದರೆ ಅದು ಯಾರನ್ನು ಹಿಡಿದೀತು?

ಒಂಬತ್ತು ಮೂವತ್ತಾರಕ್ಕೆ ಶಂಕ್ರವ್ವ ಏದುಸಿರು ಬಿಡುತ್ತ ಬಂದವಳು ಅವರನ್ನು ಕಂಡು ನಿಂತೇಬಿಟ್ಟಳು. ಸರೋಜವ್ವ ಎದ್ದು ಸೀರೆ ಕೊಡವಿ, ಅವಳ ಬೆನ್ನ ಮೇಲೆ ಕೈಯಿಟ್ಟು ಮುಂದೆ ದಬ್ಬಿದಳು. ಶಂಕ್ರವ್ವ ಮೊದಲು, ಹಿಂದೆ ಉಳಿದ ಹದಿಮೂರು ಮಂದಿ. ಟಿಂಗ್, ಟಿಂಗ್, ಟಿಂಗ್. ದೀಪ ಹಸಿರೇ ಹತ್ತುತ್ತಿತ್ತು. ಸಮಯ ಮಾತ್ರ ತೆರೆಯ ಮೇಲೆ ಕೆಂಪಗೆ ಬರುತ್ತಿತ್ತು.

ಹತ್ತಕ್ಕೆ ಹುಬ್ಬಳ್ಳಿಯಿಂದ ಫೋನು ಬಂತು. ಯಂತ್ರದ ವರದಿ ಅಲ್ಲಿಗೆ ತಾನಾಗಿ ಹೋಗುತ್ತಿತ್ತು. ಮೊದಲ ದಿನವೇ ಹದಿನಾಲ್ಕು ಮಂದಿ ಒಮ್ಮೆಲೇ ತಡ. ಇದು ಮುಷ್ಕರವೇ ಎಂದು ಕೇಳಿದರಂತೆ. ವಿದ್ಯಾ ಹಾಲ್‌ಗೆ ಬಂದಾಗ ಅವಳ ಕಿವಿ ಕೆಂಪಾಗಿತ್ತು. ದನಿ ಮಾತ್ರ ಏರಿರಲಿಲ್ಲ.

"ಯಂತ್ರ ಬ್ಯಾಡಾಗಿದ್ರ ನನಗ ಹೇಳಬಹುದಿತ್ತಲ್ಲ. ಗೇಟಿನ ಹೊರಗ ಯಾಕ ಕುಂತ್ರಿ?"

ಮೊರದೊಳಗಿನ ಬೀಜ ಸರಿದಾಡುವ ಸದ್ದು ನಿಂತಿತು. ಸರೋಜವ್ವ ಛಾವಣಿ ನೋಡುತ್ತಿದ್ದಳು. ಇದನ್ನು ಮುಂದೆ ನಿಂತು ಮಾಡಿಸಿದವರು ಯಾರೆಂದು ವಿದ್ಯಾ ಮತ್ತೆ ಕೇಳಿದಾಗ ಶಂಕ್ರವ್ವ ಎದ್ದಳು.

"ಅವ್ರದೇನೂ ತಪ್ಪಿಲ್ಲರಿ ಮೇಡಂ. ನನ್ನ ಸಲುವಾಗಿ ಕುಂತಾರ. ನಾಳಿಂದ ಹಿಂಗ ಆಗೂದಿಲ್ಲ. ನಾನ ಕೆಲಸಾ ಬಿಡ್ತೇನಿ."

ಅವಳು ಆಗಲೇ ಮೊರ ಕೆಳಗಿಟ್ಟು ಸೆರಗಿಗೆ ಕೈ ಒರೆಸುತ್ತಿದ್ದಳು. ಜಯಶ್ರೀ ಬಾಗಿಲಲ್ಲಿದ್ದಳು. ತನ್ನ ಕಾಲು ಯಾವಾಗ ಮುಂದೆ ಹೋಯಿತೋ, ಚೀಲದಿಂದ ಹಾಳೆ ಯಾವಾಗ ತೆಗೆದಳೋ ಅವಳಿಗೆ ನೆನಪಿಲ್ಲ. ನಾಲ್ಕು ಮಡಿಕೆ ಬಿಡಿಸಲು ಮಾತ್ರ ಬಹಳ ಹೊತ್ತು ಹಿಡಿಯಿತು.

"ಕೂಡ್ರು ಶಂಕ್ರವ್ವ" ಎಂದಳು. "ಬುಧವಾರ ನಾ ಪೂರಾ ಓದಲಿಲ್ಲ. ಇನ್ನೊಂದು ಹಾಳಿ ಇತ್ತು."

ನಿಂತಲ್ಲೇ ಓದಿದಳು. ಮನೆಯ ಕಾರಣಕ್ಕೆ ದಿನಾಲೂ ಒಂಬತ್ತಕ್ಕೆ ಬರಲು ಆಗದವರು ಏನು ಮಾಡಬೇಕು ಎಂಬಲ್ಲಿಂದ ಕೊನೆಯ ಸಾಲಿನ ತನಕ, ಒಂದಕ್ಷರ ಬಿಡದೆ. ಓದಿ ಮುಗಿಸಿ ವಿದ್ಯಾಳ ಕಡೆ ತಿರುಗಿ ಉಳಿದದ್ದನ್ನೂ ಹೇಳಿದಳು. ಮೂರು ವರ್ಷದ ಒಂಬತ್ತು ಗಂಟೆಯ ಸುಳ್ಳು, ಕ್ರಾಸಿನ ಗಾಡಿ, ಊಟದ ಬಿಡುವಿನಲ್ಲಿ ಒಬ್ಬಳೇ ಕೂತು ಹಸನು ಮಾಡಿದ ಬೀಜ. ಈಗ ನಡೆದುಕೊಂಡು ಬಂದದ್ದು ಹೀಗೆ ಎಂದಳು.

ವಿದ್ಯಾ ಅವಳ ಕೈಯಿಂದ ಹಾಳೆ ತೆಗೆದುಕೊಂಡಳು.

"ಬೋರ್ಡಿನ ಮ್ಯಾಲ ಒಂದ ಹಾಳಿ ಇದ್ದದ್ದು ನೋಡಿದ್ದೆ" ಎಂದಳು. "ಎರಡನೇದು ಗಾಳಿಗೆ ಹಾರಿರಬೇಕು ಅಂದ್ಕೊಂಡೆ. ಮತ್ತೊಂದು ಹಚ್ಚಬೇಕಿತ್ತು. ಹಚ್ಚಲಿಲ್ಲ."

ಮೊದಲು ಹದಿನಾಲ್ಕು ಮಂದಿಗೂ ಅವಳು ತಿಳಿಸಿ ಹೇಳಿದಳು. ಯಂತ್ರ ಗುಂಪನ್ನು ನೋಡುವುದಿಲ್ಲ, ಒಬ್ಬೊಬ್ಬರನ್ನೇ ನೋಡುತ್ತದೆ. ನೀವೆಲ್ಲ ತಡವಾಗಿ ಬಂದರೆ ಹದಿನಾಲ್ಕು ತಡ ಬೀಳುತ್ತವೆ, ಶಂಕ್ರವ್ವನ ತಡ ಅಳಿಯುವುದಿಲ್ಲ. ಇವತ್ತಿನದು ಪರೀಕ್ಷೆಯ ತಿಂಗಳಿನದು, ಯಾರಿಗೂ ಕಡಿತವಿಲ್ಲ. ಹುಬ್ಬಳ್ಳಿಗೆ ನಾನು ಉತ್ತರ ಕೊಡುತ್ತೇನೆ. "ಹಂಗಾದ್ರ ಅದು ಹೊಲದಾಗ ಒಂದಿನಾನೂ ದುಡಿದಿಲ್ಲ ಬಿಡ್ರಿ" ಎಂದಳು ಸರೋಜವ್ವ. ವಿದ್ಯಾಳ ತುಟಿ ಸ್ವಲ್ಪ ಸಡಿಲಾಯಿತು.

ಆಮೇಲೆ ಶಂಕ್ರವ್ವನನ್ನೂ ಜಯಶ್ರೀಯನ್ನೂ ತನ್ನ ಕೋಣೆಗೆ ಕರೆದು ಲೆಕ್ಕ ಹಾಕಿದಳು. ನಾಳೆಯಿಂದ ಶಂಕ್ರವ್ವನ ಪಾಳಿ ಒಂಬತ್ತೂವರೆಯಿಂದ. ಹತ್ತು ನಿಮಿಷದ ರಿಯಾಯಿತಿ ಅದಕ್ಕೂ ಉಂಟು. ಊಟದ ಬಿಡುವು ಒಂದು ತಾಸಿನ ಬದಲು ಅರ್ಧ ತಾಸು, ಹೊರಡುವುದು ಎಲ್ಲರ ಜೊತೆ ಐದೂವರೆಗೇ. ಆದರೆ ಆ ಅರ್ಧ ತಾಸು ಮೊರ ಮುಟ್ಟುವ ಹಾಗಿಲ್ಲ, ಕೂತು ಉಣ್ಣಬೇಕು, ಅದು ಕಾಯ್ದೆ. ಶಂಕ್ರವ್ವ ಹೂಂ ಎಂದಳು, ಹೊರಗೆ ಹೋಗುವಾಗ ಜಯಶ್ರೀಯ ಮೊಣಕೈಯನ್ನು ಒಮ್ಮೆ ಹಿಡಿದು ಬಿಟ್ಟಳು.

ಕೋಣೆಯಲ್ಲಿ ಇಬ್ಬರೇ ಉಳಿದರು.

"ಜಯಕ್ಕಾರ, ನನಗ ಗೊತ್ತಾಗಿಲ್ಲ ಅಂತ ಹೇಳಾಕ ಬರೂದಿಲ್ಲ" ಎಂದಳು ವಿದ್ಯಾ. "ಹುಬ್ಬಳ್ಳಿಗೆ ಬರೀಬೇಕಾಗ್ತದ. ಊಟದ ಬಿಡುವಿನ್ಯಾಗ ಆಕಿ ದುಡಿದದ್ದೂ ಬರೀತೇನಿ, ನೀವಾಗೇ ಹೇಳಿದ್ದೂ ಬರೀತೇನಿ. ಅವ್ರು ಏನ್ ಅಂತಾರೋ ನನ್ನ ಕೈಯಾಗಿಲ್ಲ. ಹಾಜರಿ ಮಾತ್ರ ಇವತ್ತಿಂದ ನಿಮ್ಮ ಕಡೆ ಬ್ಯಾಡ."

ಜಯಶ್ರೀ ಹೋಗಿ ನೀಲಿ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಹನ್ನೊಂದು ವರ್ಷ ಕಂಕುಳಲ್ಲಿ ಹೊತ್ತು ಅದರ ರಟ್ಟಿನ ಒಂದು ಮೂಲೆ ಬೆಳ್ಳಗಾಗಿತ್ತು. ಅಂದಿನ ಪುಟದಲ್ಲಿ ಶಂಕ್ರವ್ವನ ಸಹಿಯ ಮುಂದೆ ಸಮಯ ಖಾಲಿ ಇತ್ತು. ವಿದ್ಯಾ ಪೆನ್ನನ್ನು ಅವಳ ಕಡೆಗೇ ಚಾಚಿದಳು. ಜಯಶ್ರೀ ‘೯-೩೬’ ಎಂದು ಬರೆದಳು. ಮೂರು ವರ್ಷದಲ್ಲಿ ಆ ಹೆಸರಿನ ಮುಂದೆ ಅವಳು ಬರೆದ ಮೊದಲ ನಿಜ ಅದು.

ಮರುದಿನ ಅವಳು ಯಂತ್ರಕ್ಕೆ ಮುಖ ತೋರಿಸಿ, ಕೈಯಲ್ಲಿ ಹಿಡಿಯಲು ಏನೂ ಇಲ್ಲದೆ ಒಳಗೆ ಬಂದಳು. ಬೋರ್ಡಿನ ಮೇಲೆ ಎರಡೂ ಹಾಳೆಗಳಿದ್ದವು. ಮೊದಲನೆಯದಕ್ಕೆ ಅವಳು ಹಚ್ಚಿದ್ದ ಒಂದೇ ಪಿನ್ನು. ಎರಡನೆಯದಕ್ಕೆ ಯಾರೋ ನಾಲ್ಕೂ ಮೂಲೆಗೆ ನಾಲ್ಕು ಪಿನ್ನು ಒತ್ತಿದ್ದರು. ಕೊನೆಯ ಸಾಲಿನ ಕೆಳಗೆ ಪೆನ್ನಿನಲ್ಲಿ ಹೊಸದಾಗಿ ಬರೆದಿತ್ತು: ‘ಶುಕ್ರವಾರ ದಾಟಿದ್ದರೂ ಹೇಳಬಹುದು.’

ಹದಿಮೂರು ಮಂದಿ ಒಂಬತ್ತಕ್ಕೆ ಹಾಲ್‌ಗೆ ಹೋದರು, ಒಲ್ಲದ ಮನಸ್ಸಿನಿಂದ, ಹಿಂದಿರುಗಿ ನೋಡುತ್ತ. ಜಯಶ್ರೀಗೆ ಬೀಜದ ಚೀಲಗಳ ಚೀಟಿ ಬರೆಯುವ ಕೆಲಸ ಕೊಟ್ಟಿದ್ದರು. ಒಂದು ಚೀಟಿಯನ್ನು ಎರಡು ಸಲ ತಪ್ಪು ಬರೆದಳು. ಹುಬ್ಬಳ್ಳಿಯಿಂದ ಇನ್ನೂ ಏನೂ ಬಂದಿರಲಿಲ್ಲ. ಫೋನು ರಿಂಗಾದಾಗೆಲ್ಲ ಪೆನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಒಂಬತ್ತು ಮೂವತ್ತಾದಾಗ ಎದ್ದು ಕಿಟಕಿಗೆ ಹೋದಳು. ಅಲ್ಲಿ ನಿಲ್ಲುವುದು ಈಗ ಅವಳ ಕೆಲಸವಲ್ಲ, ಆದರೂ ನಿಂತಳು. ಮೂವತ್ತೆರಡು. ಮೂವತ್ತನಾಲ್ಕು. ರಸ್ತೆಯ ತಿರುವಿನಲ್ಲಿ ಶಂಕ್ರವ್ವ ಕಂಡಳು, ಓಡುವುದಕ್ಕೂ ನಡೆಯುವುದಕ್ಕೂ ನಡುವಿನ ಹೆಜ್ಜೆ ಹಾಕುತ್ತ. ಯಂತ್ರದ ಮುಂದೆ ನಿಂತಳು. ಸದ್ದು ಬರಲಿಲ್ಲ. ಮತ್ತೆ ನಿಂತಳು. ಇಲ್ಲ. ಜಯಶ್ರೀ ಕಿಟಕಿಯ ಸರಳು ಹಿಡಿದಳು. ಆಗ ಹಸನಸಾಬ ಕುರ್ಚಿಯಿಂದ ಎದ್ದು ಬಂದು, ರಸ್ತೆಯ ಧೂಳಿಗೆಂದು ಅವಳು ಮೂಗಿನ ತನಕ ಸುತ್ತಿಕೊಂಡಿದ್ದ ಸೆರಗನ್ನು ತೋರಿಸಿ ಏನೋ ಅಂದ. ಶಂಕ್ರವ್ವ ನಗುತ್ತ ಸೆರಗು ಸರಿಸಿ ಮುಖ ಎತ್ತಿದಳು.

ಟಿಂಗ್ ಎಂದಿತು.

ಒಂಬತ್ತು ಮೂವತ್ತೇಳು, ಇನ್ನೂ ಮೂರು ನಿಮಿಷ ಉಳಿದಿತ್ತು. ಜಯಶ್ರೀ ಸರಳು ಬಿಟ್ಟು ಚೀಟಿಗಳ ಹತ್ತಿರ ಹೋಗಿ ಕೂತಳು.